ಕರಾರಿಗೆ ಸೇರಿದ ಮಂಡಿ

ಗೆರೆ ಮೇಸ್ತ್ರಿಗೆ ಆ ದಿನ ಬೆಳಗಿನಿಂದ ಕಾಲು ನೆಲದ ಮೇಲೆ ನಿಂತಿರಲಿಲ್ಲ. ವಿಮಾನ ಹತ್ತಲು ಇನ್ನೂ ಎಂಟು ದಿನವಿತ್ತು, ಆದರೆ ಮನಸ್ಸು ಆಗಲೇ ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿತ್ತು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಟೈಲ್ಸ್ ನಡುವಿನ ಗೆರೆ ಕೂದಲೆಳೆಯಷ್ಟು ಸೊಟ್ಟಗಾದರೂ ಕಿತ್ತು ಮತ್ತೆ ಕೂರಿಸುವ ಅವನ ಹಟ ಕಂಡು ಜೊತೆಗಾರರು ಇಟ್ಟ ಹೆಸರು ಕೊನೆಗೆ ನಿಂತುಬಿಟ್ಟಿತು. ನಲವತ್ತೆರಡು ವರ್ಷದ ಮನುಷ್ಯ, ಅದರಲ್ಲಿ ಇಪ್ಪತ್ತನಾಲ್ಕು ವರ್ಷ ನೆಲ ಹಾಸುವುದರಲ್ಲೇ ಕಳೆದಿತ್ತು. ಹಾಸಿದ್ದರಲ್ಲಿ ಮುಕ್ಕಾಲು ಪಾಲು ಬಚ್ಚಲುಮನೆ ಮತ್ತು ಕಕ್ಕಸು.

ಕಕ್ಕಸಿನ ನೆಲ ಹಾಸುವುದು ಎಂದರೆ ಕತ್ತರಿಸುವ ಕೆಲಸ. ಇಲ್ಲಿ ಕೊಳವೆ, ಅಲ್ಲಿ ಬಾಗಿಲು, ಮೂಲೆಯಲ್ಲೊಂದು ನೀರು ಹೋಗುವ ತೂತು. ಒಂದು ಇಡೀ ಟೈಲನ್ನು ಇಡಿಯಾಗಿ ಕೂರಿಸುವ ಭಾಗ್ಯ ದಿನಕ್ಕೆ ಹತ್ತು ಸಲ ಸಿಕ್ಕಿದರೆ ಹೆಚ್ಚು. ಈಗ ಸಿಕ್ಕಿದ ಕೆಲಸ ಹೊರದೇಶದ ವಿಮಾನ ನಿಲ್ದಾಣದ್ದು. ನಡುವೆ ಕಂಬವೇ ಇಲ್ಲದ ಹಜಾರವಂತೆ, ಒಂದೇ ಗೆರೆ ನಾನೂರು ಮೀಟರ್ ಹೋಗಬೇಕಂತೆ. ಇದನ್ನು ಕೇಳಿದ ದಿನದಿಂದ ಮೇಸ್ತ್ರಿ ಊಟಕ್ಕೆ ಕೂತರೂ ತಟ್ಟೆಯ ಅಂಚಿನಿಂದ ಗೋಡೆಯವರೆಗೆ ಕಣ್ಣಲ್ಲೇ ದಾರ ಹಿಡಿಯುತ್ತಿದ್ದ. ಬದುಕಿನಲ್ಲಿ ಒಂದೇ ಒಂದು ಸಲ ದೊಡ್ಡ ನೆಲ ಹಾಸಬೇಕು, ಅಷ್ಟೇ. ದುಡ್ಡಿನ ಲೆಕ್ಕವನ್ನು ಹೆಂಡತಿ ಹಾಕಿಕೊಂಡಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದರಲ್ಲಿ ಗಂಡನಿಗಿಂತ ಅವಳು ಒಂದು ಕೈ ಮೇಲು.

ಕರಾರಿಗೆ ಸಹಿ ಹಾಕುವ ದಿನವಾದ್ದರಿಂದ ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆನ್ಸಿಯ ಬೆಂಚಿನ ಮೇಲೆ ಹದಿನಾಲ್ಕು ಜನ ಟೈಲ್ಸ್ ಕೆಲಸದವರು ಮದುವೆ ಗಂಡುಗಳ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದರು. ಮನೆಯವರನ್ನು ಕರೆತಂದವನು ಮೇಸ್ತ್ರಿಯೊಬ್ಬನೇ. ಕರೆತಂದ ಎನ್ನುವುದಕ್ಕಿಂತ ಅವಳೇ ಹೊರಟು ಬಂದಿದ್ದಳು ಎನ್ನುವುದು ಸರಿ. ಏಜೆನ್ಸಿಯ ಮ್ಯಾನೇಜರು ಫೈಲುಗಳನ್ನು ಎದೆಗವಚಿಕೊಂಡು ಓಡಾಡುತ್ತಿದ್ದ. ಏನು ಕೇಳಿದರೂ "ಆಗುತ್ತೆ ಬಿಡಿ" ಅನ್ನುವುದು ಅವನ ಅಭ್ಯಾಸ. ಕೈಗೆ ತಿಂಗಳಿಗೆ ಸಾವಿರದ ಒಂಬೈನೂರು, ಅಲ್ಲಿಯ ದುಡ್ಡಿನಲ್ಲಿ, ಬರುತ್ತಾ ಎಂದು ಕೇಳಿದ್ದಕ್ಕೂ ಅವನು ಹೇಳಿದ್ದು ಅದೇ ಮಾತು.

ಕರಾರು ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳಲು ವಲಸೆ ಕಾರ್ಮಿಕರ ಸಹಾಯ ಕೇಂದ್ರದಿಂದ ಒಬ್ಬಾಕೆ ಬಂದಿದ್ದರು. ಐವತ್ತು ದಾಟಿದ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಸೀಸದ ಕಡ್ಡಿ. ಸಹಿ ಹಾಕುವ ಮುಂಚೆ ಪ್ರತಿಯೊಬ್ಬನಿಗೂ ಅವರು ಓದಿ ಹೇಳಲೇಬೇಕೆಂಬುದು ನಿಯಮ. ಎಲ್ಲರೂ ಅವರನ್ನು ಓದೋ ಅಕ್ಕ ಎನ್ನುತ್ತಿದ್ದರು. ಪಟ್ಟಿಯಲ್ಲಿ ಮೇಸ್ತ್ರಿಯದು ಮೊದಲನೇ ಹೆಸರು. ಗಾಜಿನ ಅಡ್ಡಗೋಡೆಯ ಪುಟ್ಟ ಕೋಣೆಗೆ ಗಂಡ ಹೆಂಡತಿ ಒಳಹೋದರು. ಆ ಗಾಜು ಚಾವಣಿಯವರೆಗೆ ಹೋಗಿರಲಿಲ್ಲ. ಒಳಗೆ ಸೀನಿದರೆ ಹೊರಗಿನವರು ಆಯಸ್ಸು ಹಾರೈಸಬಹುದಾಗಿತ್ತು.

"ಕೂತ್ಕೊಳ್ಳಿ ತಮ್ಮ," ಎಂದರು ಓದೋ ಅಕ್ಕ. "ನಾನು ಓದೋಳು, ತೀರ್ಪು ಕೊಡೋಳಲ್ಲ. ಇದರಲ್ಲಿ ಇರೋದನ್ನ ಇದ್ದ ಹಾಗೆ ಹೇಳ್ತೀನಿ. ತಿಳೀಲಿಲ್ಲ ಅಂದ್ರೆ ನೂರು ಸಲ ಕೇಳಿ."

"ಅಕ್ಕ, ಒಂದು ಮಾತು," ಎಂದ ಮೇಸ್ತ್ರಿ. "ನಾವು ಸಿಮೆಂಟ್ ಹಾಕೋ ಮುಂಚೆ ಟೈಲ್ಸನ್ನ ಒಣಗೇ ಜೋಡಿಸಿ ನೋಡ್ತೀವಿ. ಕತ್ತರಿಸಿದ ತುಂಡು ಯಾವ ಮೂಲೆಗೆ ಬರುತ್ತೆ ಅಂತ ಮೊದಲೇ ಗೊತ್ತಾಗುತ್ತೆ. ಈ ಎರಡು ವರ್ಷಾನೂ ಹಂಗೇ ಒಂದ್ಸಲ ಒಣಗೇ ಜೋಡಿಸಿ ತೋರಿಸ್ತೀರಾ? ಹೋದ ದಿನದಿಂದ ವಾಪಸ್ ಬರೋ ದಿನದವರೆಗೆ."

ಓದೋ ಅಕ್ಕ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಇಷ್ಟು ವರ್ಷ ಓದಿದರಲ್ಲಿ ಹೀಗೆ ಕೇಳಿದವನು ಇವನೇ ಮೊದಲು. ಅವರಿಗೂ ಹುರುಪು ಬಂತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಸರಿ, ಮೊದಲ ತಿಂಗಳ ಸಂಬಳದಿಂದ ಶುರು ಮಾಡೋಣ. ಮೂಲ ಸಂಬಳ ಸಾವಿರದ ಇನ್ನೂರು. ಊಟದ ಭತ್ಯೆ ಮುನ್ನೂರು. ಮನೆ ಭತ್ಯೆ ನಾನೂರು."

"ಅಲ್ಲಿಗೆ ಸಾವಿರದ ಒಂಬೈನೂರು," ಎಂದಳು ಹೆಂಡತಿ ತಟ್ಟನೆ. ಲೆಕ್ಕ ಅವಳ ನಾಲಿಗೆ ತುದಿಯಲ್ಲೇ ಇತ್ತು.

"ಈ ಪುಟದಲ್ಲಿ ಹೌದು. ಈಗ ಆರನೇ ಕಲಂ ನೋಡಿ. ಕಂಪನಿ ವಾಸಕ್ಕೆ ಜಾಗ ಕೊಡುತ್ತೆ, ಬಾಡಿಗೆ ಇಲ್ಲ, ನೀರು ಕರೆಂಟು ಕಂಪನಿದೇ. ಕಂಪನಿ ಜಾಗ ಕೊಟ್ಟ ಕಡೆ ಮನೆ ಭತ್ಯೆ ಕೊಡಬೇಕಾಗಿಲ್ಲ ಅಂತಾನೂ ಇದೆ. ಒಂದೋ ರೂಮು, ಒಂದೋ ನಾನೂರು. ಎರಡೂ ಇಲ್ಲ."

ಹೆಂಡತಿಯ ಮುಖ ಸಣ್ಣದಾಯಿತು. "ಅಂದ್ರೆ ಸಾವಿರದ ಐನೂರು. ಆ ಮ್ಯಾನೇಜರು ನಮ್ಮ ಮೂಗಿಗೆ ತುಪ್ಪ ಸವರಿದಾನೆ."

"ಇನ್ನೊಂದು. ಹೆಚ್ಚುವರಿ ಗಂಟೆ ಕೆಲಸ ಮಾಡಿದ್ರೆ ಗಂಟೆಗೆ ಒಂದೂ ಕಾಲು ಪಟ್ಟು. ಆದರೆ ಅದು ಮೂಲ ಸಂಬಳದ ಮೇಲೆ ಮಾತ್ರ. ಸಾವಿರದ ಇನ್ನೂರನ್ನ ಮೂವತ್ತು ದಿನಕ್ಕೆ, ಎಂಟು ಗಂಟೆಗೆ ಹಂಚಿದ್ರೆ ಗಂಟೆಗೆ ಐದು. ಹೆಚ್ಚುವರಿ ಗಂಟೆಗೆ ಆರೂ ಕಾಲು."

ಮೇಸ್ತ್ರಿ ತಲೆಯಾಡಿಸಿದ. ನಾನೂರು ಹೋದದ್ದು ಅವನಿಗೆ ಚುರುಕ್ಕೆನ್ನಲಿಲ್ಲ ಎಂದಲ್ಲ. ಆದರೆ ನಾನೂರು ಮೀಟರಿನ ಗೆರೆ ಇನ್ನೂ ಹಾಗೇ ಇತ್ತಲ್ಲ. ಅವನು ಹೆಂಡತಿಯ ಕಡೆ ನೋಡಿದ. ಅವಳು ಬೆರಳು ಮಡಚಿ ಮಡಚಿ ಹೊಸ ಲೆಕ್ಕ ಹಾಕಿ, "ಆದ್ರೂ ಇಲ್ಲಿಗಿಂತ ಮೇಲು ರೀ," ಎಂದಳು. ಅವನಿಗೆ ಹೋದ ಉಸಿರು ಬಂತು.

"ಈಗ ರೂಮು," ಎಂದು ಓದೋ ಅಕ್ಕ ಮುಂದುವರಿಸಿದರು. "ಒಂದು ಕೋಣೆಗೆ ಆರು ಜನ. ಮೇಲೊಂದು ಕೆಳಗೊಂದು ಅಂತ ಎರಡಂತಸ್ತಿನ ಮಂಚ. ಮೂರು ಜನ ಕೆಳಗೆ, ಮೂರು ಜನ ಮೇಲೆ. ಯಾರಿಗೆ ಯಾವುದು ಅಂತ ಕ್ಯಾಂಪಿನವರು ಹೇಳಿದ ಹಾಗೆ. ಮೇಲಿನ ಮಂಚಕ್ಕೆ ಕಬ್ಬಿಣದ ಏಣಿ ಇರುತ್ತೆ. ಪಾಸ್‌ಪೋರ್ಟು ನಿಮ್ಮ ಹತ್ರಾನೇ ಇರಬೇಕು, ಕಂಪನಿ ಇಟ್ಕೊಳ್ಳೋ ಹಾಗಿಲ್ಲ. ಕರಾರಿನ ಒಂದು ಪ್ರತಿನೂ ನಿಮ್ಮ ಹತ್ರ ಇರಬೇಕು. ಅಲ್ಲಿ ಇಳಿದ ಮೇಲೆ ಬೇರೆ ಕಾಗದ ಕೊಟ್ಟು ಸಹಿ ಕೇಳಿದ್ರೆ ಇದನ್ನ ತೋರಿಸಿ."

ಏಣಿಯ ಮಾತು ಬಂದಾಗ ಹೆಂಡತಿ ಗಂಡನನ್ನು ಒಮ್ಮೆ ನೋಡಿದಳು. ಅವನು ಗೋಡೆಯ ಗಡಿಯಾರ ನೋಡಿದ. ಅಷ್ಟು ಚೆಂದದ ಗಡಿಯಾರವೇನೂ ಅಲ್ಲ ಅದು.

"ಕೊನೇದು, ವಾಪಸ್ ಬರೋದು. ಎರಡು ವರ್ಷ ಮುಗಿದರೆ ವಿಮಾನದ ಖರ್ಚು ಕಂಪನಿದು. ನಿಮ್ಮ ತಪ್ಪಿಲ್ಲದೆ ಕೆಲಸದಿಂದ ತೆಗೆದ್ರೂ ಕಂಪನಿದು. ಕೆಲಸದಲ್ಲಿ ಪೆಟ್ಟಾಗಿ, ಇಲ್ಲ ಕಾಯಿಲೆ ಬಿದ್ದು ಕೆಲಸ ಮಾಡೋಕಾಗದೆ ಇದ್ರೂ ಕಂಪನಿದು. ಸತ್ತರೆ ದೇಹಾನೂ ಸಾಮಾನೂ ಮನೆಗೆ ತಲುಪಿಸೋ ಖರ್ಚೂ ಅವರದೇ. ಬಿಡ್ತು ಅನ್ನಿ ತಂಗಿ, ಓದಬೇಕು, ಓದ್ತೀನಿ. ನೀವಾಗೇ ಅವಧಿಗೆ ಮುಂಚೆ ಬಿಟ್ಟು ಬಂದ್ರೆ ಖರ್ಚು ನಿಮ್ಮದು. ಗಲಾಟೆ ಗಿಲಾಟೆ ಮಾಡಿ ತೆಗೆದು ಹಾಕಿಸಿಕೊಂಡ್ರೆ ನಿಮ್ಮದು. ಮತ್ತೆ," ಎಂದು ಪುಟ ತಿರುಗಿಸಿದರು, "ಮೊದಲೇ ಇದ್ದ ಕಾಯಿಲೆ, ನೋವು ಮುಚ್ಚಿಟ್ಟು ಹೋಗಿ, ಅದರಿಂದಲೇ ಕೆಲಸ ಮಾಡೋಕಾಗದೆ ಹೋದ್ರೂ ಖರ್ಚು ನಿಮ್ಮದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಸ್ತ್ರಿಯ ಬಲಗೈ ತಾನಾಗಿಯೇ ಹೋಗಿ ಬಲ ಮಂಡಿಯ ಮೇಲೆ ಕೂತುಬಿಟ್ಟಿತು.

ಮಂಡಿ ಕೈಕೊಟ್ಟು ಮೂರು ವರ್ಷವಾಗಿತ್ತು. ಮೊದಮೊದಲು ಚಳಿಗೆ ಹಿಡಿಯುತ್ತಿತ್ತು, ಆಮೇಲೆ ಎಲ್ಲಕ್ಕೂ ಹಿಡಿಯತೊಡಗಿತು. ದಿನವಿಡೀ ಊರಿ ಕೂತು ಎದ್ದರೆ ಸಂಜೆಗೆ ಹಿಟ್ಟಿನ ಉಂಡೆಯಂತೆ ಊದಿಕೊಳ್ಳುತ್ತಿತ್ತು. ಹೆಂಡತಿ ಬಿಸಿನೀರಿನ ಬಟ್ಟೆ ಕಟ್ಟುತ್ತಿದ್ದಳು. ವೈದ್ಯಕೀಯ ಪರೀಕ್ಷೆಯ ದಿನ ಎದೆಯ ಎಕ್ಸ್-ರೇ ತೆಗೆದರು, ರಕ್ತ ತೆಗೆದರು, ಕಣ್ಣು ನೋಡಿದರು. ಮಂಡಿಯನ್ನು ಯಾರೂ ಕೇಳಲಿಲ್ಲ. ಅವನೂ ಬಾಯಿಗೆ ಬೀಗ ಹಾಕಿಕೊಂಡ. ಪರೀಕ್ಷೆ ಪಾಸಾದಾಗ ಗಂಡ ಹೆಂಡತಿ ಇಬ್ಬರೂ ಗೆದ್ದೆವು ಎಂದುಕೊಂಡಿದ್ದರು.

"ನಾನು ಮುಚ್ಚಿಟ್ಟಿಲ್ಲ ಅಕ್ಕ," ಎಂದ ಅವನು. "ಯಾರೂ ಕೇಳಲೇ ಇಲ್ಲ."

ಓದೋ ಅಕ್ಕ ಫೈಲಿನ ಕೊನೆಯ ಹಾಳೆ ತೆಗೆದು ಅವನ ಮುಂದಿಟ್ಟರು. ಅದರಲ್ಲಿ ಸಾಲಾಗಿ ಪ್ರಶ್ನೆಗಳು, ಎದುರಿಗೆ ಸಾಲಾಗಿ ಗುರುತುಗಳು. "ಕೇಳಿದ್ದಾರೆ, ಇಂಗ್ಲಿಷಲ್ಲಿ. ಬೆನ್ನು, ಮಂಡಿ, ಕೀಲುಗಳಲ್ಲಿ ನೋವಿದೆಯಾ ಅಂತ ಒಂಬತ್ತನೇ ಪ್ರಶ್ನೆ. ಎಲ್ಲಕ್ಕೂ ಇಲ್ಲ ಅಂತ ಗುರುತು ಹಾಕಿದೆ. ಕೆಳಗೆ ನಿಮ್ಮ ಸಹಿ ಇದೆ."

ಸಹಿ ಅವನದೇ. ಪರೀಕ್ಷೆಯ ದಿನ ಮ್ಯಾನೇಜರು ಏಳು ಹಾಳೆ ಮುಂದಿಟ್ಟು ಇಲ್ಲಿ, ಇಲ್ಲಿ, ಇಲ್ಲಿ ಎಂದಿದ್ದ. ಕೂದಲೆಳೆಯಷ್ಟು ಸೊಟ್ಟ ಗೆರೆ ಕಂಡರೆ ಇಡೀ ನೆಲ ಕೀಳುವ ಮನುಷ್ಯ, ಏಳು ಹಾಳೆಗೆ ಕಣ್ಣು ಮುಚ್ಚಿ ಸಹಿ ಹಾಕಿದ್ದ. ಈಗ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ಹಂಗಾದ್ರೆ ಜೋಡಿಸಿ ನೋಡೋಣ ಅಕ್ಕ," ಎಂದ. "ಎಂಟನೇ ತಿಂಗಳು. ಮಂಡಿ ಊದಿಕೊಂಡಿದೆ. ನನಗೆ ಮೇಲಿನ ಮಂಚ."

"ಮೊದಲ ಹದಿನೈದು ದಿನ ರಜೆ, ಪೂರ್ತಿ ಸಂಬಳ. ಆಮೇಲೆ ಮೂವತ್ತು ದಿನ ಅರ್ಧ. ಆಮೇಲೆ ಏನೂ ಇಲ್ಲ."

"ಸಂಬಳ ಅಂದ್ರೆ ಮೂಲದ್ದಾ, ಎಲ್ಲಾ ಸೇರಿದ್ದಾ?" ಎಂದಳು ಹೆಂಡತಿ. ಒಂದು ಗಂಟೆಯಲ್ಲಿ ಅವಳು ಪಳಗಿಬಿಟ್ಟಿದ್ದಳು.

"ಮೂಲದ್ದು. ಅಷ್ಟರಲ್ಲಿ ಕಂಪನಿ ಡಾಕ್ಟರು ನೋಡಿ ಇದು ಹಳೇ ನೋವು ಅಂತ ಬರೆದ್ರೆ, ಈ ಒಂಬತ್ತನೇ ಪ್ರಶ್ನೆ ತೆಗೆದು ತೋರಿಸ್ತಾರೆ. ವಾಪಸ್ ಬರೋ ಟಿಕೆಟ್ಟು ನಿಮ್ಮ ತಲೆ ಮೇಲೆ."

ತುಂಡು ಯಾವ ಮೂಲೆಗೆ ಬೀಳುತ್ತದೆಂದು ಮೇಸ್ತ್ರಿಗೆ ಕಂಡಿತು. ಸಂಬಳವಿಲ್ಲ, ಏಣಿ ಹತ್ತುವ ಹಾಗಿಲ್ಲ, ಮನೆಗೆ ಬರುವ ಹಾಗಿಲ್ಲ. ಮೂರು ಕಲಮುಗಳೂ ಬಂದು ಅವನ ಮಂಡಿಯ ಮೇಲೇ ಸೇರುತ್ತಿದ್ದವು.

"ಈಗ ಹೇಳಿದ್ರೆ?" ಎಂದ.

"ಹೇಳಿದ್ರೆ ಈ ಉತ್ತರ ಹೊಡೆದು ಹಾಕಿ, ಇದೆ ಅಂತ ಬರೆದು, ನೀವೂ ಕಂಪನಿಯವರೂ ಪಕ್ಕದಲ್ಲಿ ಸಹಿ ಹಾಕಬೇಕು. ಆಮೇಲೆ ಮುಚ್ಚಿಟ್ಟ ಅನ್ನೋ ಹಾಗಿಲ್ಲ. ಆದರೆ ಅವರು ಒಪ್ಪಬೇಕು ಅಂತೇನೂ ಇಲ್ಲ ತಮ್ಮ. ಹೇಳಿದ್ರೆ ಇಲ್ಲೇ ಕೈಬಿಡಬಹುದು. ಹೇಳದೆ ಇದ್ರೆ ಅಲ್ಲಿ ಕೈಬಿಡಬಹುದು. ನಿಮ್ಮದು ನೀವು ತೀರ್ಮಾನ ಮಾಡಿ."

ಮೇಸ್ತ್ರಿ ಹೆಂಡತಿಯನ್ನು ನೋಡಿದ. ಬೇಡ ಸುಮ್ಮನಿರಿ ಎಂದು ಅವಳು ಹೇಳಿದ್ದರೆ ಅವನು ಖಂಡಿತ ಸುಮ್ಮನಿರುತ್ತಿದ್ದ. ಅವಳು ಸೆರಗಿನ ತುದಿ ಸುತ್ತುತ್ತಾ, "ನೀವು ಅಲ್ಲಿ ನೆಲದ ಮೇಲೆ ಮಲಗಿರ್ತೀರಿ, ನಾನಿಲ್ಲಿ ಟಿಕೆಟ್ಟಿಗೆ ಯಾರ ಬಾಗಿಲು ತಟ್ಟಲಿ?" ಎಂದಳು. ಅವನಿಗೆ ಆ ದೊಡ್ಡ ನೆಲ ಕಣ್ಣ ಮುಂದೆ ಬಂತು. ಬಂದದ್ದು ಹೋಗಲೇ ಇಲ್ಲ, ಅದೇ ತೊಂದರೆ.

ಹನ್ನೊಂದು ಗಂಟೆಗೆ ಕಂಪನಿಯ ಸೂಪರ್‌ವೈಸರ್ ಮ್ಯಾನೇಜರಿನ ಜೊತೆ ಆ ಕೋಣೆಗೇ ಬಂದ. ಬಿಸಿಲಿಗೆ ಸುಟ್ಟ ಮುಖದ ದಪ್ಪ ಮನುಷ್ಯ, ಇಂಗ್ಲಿಷ್ ಬಿಟ್ಟರೆ ಕೈಸನ್ನೆ. ಮೇಜಿನ ಮುಂದೆ ಕೂತು ಪೆನ್ನಿನ ಮುಚ್ಚಳ ತೆಗೆದು ಮೊದಲ ಫೈಲು ಎಳೆದುಕೊಂಡ. ಮೇಸ್ತ್ರಿ ನಿಂತೇ ಇದ್ದ.

"ಅಕ್ಕ, ಇವರಿಗೆ ಹೇಳಿ. ಒಂಬತ್ತನೇದು ತಪ್ಪಾಗಿದೆ. ನನಗೆ ಮಂಡಿ ನೋವಿದೆ, ಬಲಗಾಲು, ಮೂರು ವರ್ಷದಿಂದ. ಕೆಲಸ ನಿಲ್ಲಿಸಿದ್ದು ಒಂದು ದಿನಾನೂ ಇಲ್ಲ. ಆದರೆ ನೋವಿದೆ."

ಮ್ಯಾನೇಜರು ಮೇಜಿನ ಆ ಕಡೆಯಿಂದ ಈ ಕಡೆಗೆ ಹಾರಿ ಬಂದ. "ಏನ್ರೀ ಮೇಸ್ತ್ರಿ, ತಲೆ ನೆಟ್ಟಗಿದೆಯಾ? ಊರಿಗೆಲ್ಲಾ ಒಂದು ದಾರಿಯಾದ್ರೆ ನಿಮಗೇ ಒಂದು ದಾರೀನಾ? ಅಕ್ಕ, ನೀವು ಅದನ್ನ ಹೇಳಬೇಡಿ, ನಾನು ಮಾತಾಡ್ತೀನಿ."

"ನಾನು ಹೇಳೋಕೇ ಬಂದಿರೋದು," ಎಂದು ಓದೋ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು.

ಸೂಪರ್‌ವೈಸರ್ ಮೇಸ್ತ್ರಿಯ ಮುಖ ನೋಡಿದ, ಮಂಡಿ ನೋಡಿದ, ಏನೋ ಗೊಣಗಿ ಪೆನ್ನಿನ ಮುಚ್ಚಳ ಹಾಕಿದ. ಫೈಲನ್ನು ಮೇಜಿನ ತುದಿಗೆ ಸರಿಸಿದ.

"ಏನಂತೆ?" ಎಂದ ಮೇಸ್ತ್ರಿ.

ಓದೋ ಅಕ್ಕ ಸುಳ್ಳು ಹೇಳುವವರಲ್ಲ. "ಇದನ್ನ ಪಕ್ಕಕ್ಕಿಡಿ, ಮುಂದಿನವರನ್ನ ಕರೀರಿ ಅಂದ್ರು."

ಪಕ್ಕಕ್ಕಿಡುವುದು ಎಂದರೇನೆಂದು ನೆಲ ಹಾಸುವವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಡೆದ ಟೈಲನ್ನೂ ಮೊದಲು ಪಕ್ಕಕ್ಕೇ ಇಡುತ್ತಾರೆ. ಮೇಸ್ತ್ರಿ ಗೋಡೆಗೆ ಒರಗಿ ನಿಂತ. ಹೆಂಡತಿ ಪಕ್ಕದಲ್ಲಿ ನಿಂತಳು. ಕಣ್ಣು ತುಂಬಿ ಬಂದಿತ್ತು, ಆದರೆ ಮ್ಯಾನೇಜರಿನ ಮುಂದೆ ಒರೆಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಮುಂದಿನವನು ಮೀಸೆಯವನು. ಗಾಜಿನ ಆಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಒಳಗೆ ಬಂದು ಓದೋ ಅಕ್ಕ ಓದಿದ್ದನ್ನೆಲ್ಲ ಕೇಳಿ, ಸೂಪರ್‌ವೈಸರ್ ಪೆನ್ನು ಕೊಟ್ಟಾಗ ತೆಗೆದುಕೊಳ್ಳಲಿಲ್ಲ. ಮೀಸೆ ತೀಡಿಕೊಂಡು ಮೇಸ್ತ್ರಿಯ ಕಡೆ ಒಮ್ಮೆ ನೋಡಿದ.

"ಅಕ್ಕ, ನಂದು ಎರಡೂ ಮಂಡಿ. ಬರ್ಕೊಳ್ಳಿ."

"ಲೇ," ಎಂದ ಮ್ಯಾನೇಜರು.

"ಲೇ ಅಂದ್ರೂ ಅಷ್ಟೇ, ಸ್ವಾಮಿ ಅಂದ್ರೂ ಅಷ್ಟೇ. ಅಲ್ಲಿ ಹೋಗಿ ಮಂಚದಿಂದ ಬಿದ್ರೆ ನೀವು ಬಂದು ಎತ್ತಲ್ಲ."

ಎರಡನೇ ಫೈಲೂ ಪಕ್ಕಕ್ಕೆ ಹೋಯಿತು. ಮೂರನೆಯವನು ಒಬ್ಬ ಉದ್ದನೆಯ ಮನುಷ್ಯ. ಮೇಸ್ತ್ರಿಯೊಂದಿಗೆ ಹಿಂದೊಮ್ಮೆ ಟೈಲ್ಸ್ ಸಾಲಿನ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟವನು. ಬಾಗಿಲಲ್ಲೇ ನಿಂತು, "ಬಲಗಾಲು ಮಂಡಿ, ಜೊತೆಗೆ ಸೊಂಟ," ಎಂದು ಹಾಜರಿ ಹೇಳುವ ಹಾಗೆ ಹೇಳಿದ. ನಾಲ್ಕನೆಯವನು ಮಾತೇ ಆಡದೆ ಪ್ಯಾಂಟು ಮೇಲಕ್ಕೆ ಸರಿಸಿ, ಕಪ್ಪಗೆ ಜಡ್ಡುಗಟ್ಟಿದ ಮಂಡಿಯನ್ನು ಸೂಪರ್‌ವೈಸರಿನ ಎದುರು ಹಿಡಿದ. ಆ ಹೊತ್ತಿಗೆ ಬೆಂಚಿನ ಮೇಲೆ ಉಳಿದವರೆಲ್ಲ ಎದ್ದು ಬಾಗಿಲಿಗೆ ಬಂದಿದ್ದರು. ಇಷ್ಟು ವರ್ಷ ಒಬ್ಬರ ಪಕ್ಕ ಒಬ್ಬರು ಮಂಡಿಯೂರಿ ದುಡಿದ ಗಂಡಸರು, ಒಬ್ಬೊಬ್ಬನೂ ತನ್ನೊಬ್ಬನದೇ ಮಂಡಿ ಕೆಟ್ಟಿದೆ, ಯಾರಿಗಾದರೂ ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ಹೆದರಿ ಮನೆಯಲ್ಲಿ ಕದ್ದು ಎಣ್ಣೆ ತಿಕ್ಕಿಕೊಂಡಿದ್ದರು. ಬೆಕ್ಕಿಗೆ ಗಂಟೆ ಕಟ್ಟುವ ಒಬ್ಬ ಬೇಕಾಗಿತ್ತು.

"ನಂದೂ ಬರ್ಕೊಳ್ಳಿ."

"ಎಡಗಾಲು, ಅಕ್ಕ. ಮೆಟ್ಟಿಲು ಇಳಿಯೋವಾಗ ಜಾಸ್ತಿ."

"ನನಗೆ ಮಂಡಿ ಸರಿಯಾಗೇ ಇದೆ," ಎಂದ ಎಲ್ಲರಿಗಿಂತ ಕಿರಿಯ, "ಇನ್ನೆರಡು ವರ್ಷ ಬಿಟ್ಟು ಕೇಳಿದ್ರೆ ನಂಗೂ ನೋವಿರುತ್ತೆ." ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ.

ಸೂಪರ್‌ವೈಸರ್ ಪಕ್ಕಕ್ಕಿಟ್ಟ ಫೈಲುಗಳ ರಾಶಿಯನ್ನೂ ಎದುರಿಗೆ ಖಾಲಿಯಾದ ಮೇಜನ್ನೂ ನೋಡಿದ. ಮೊಬೈಲು ಹಿಡಿದು ಕಿಟಕಿಯ ಹತ್ತಿರ ಹೋಗಿ ಹತ್ತು ನಿಮಿಷ ಮಾತಾಡಿದ. ಹೆಂಡತಿ ಮೇಸ್ತ್ರಿಯ ತೋಳು ಹಿಡಿದುಕೊಂಡಿದ್ದಳು. ನಾಲ್ಕು ಜನರ ಮುಂದೆ ಅವಳು ಹಾಗೆ ಹಿಡಿದದ್ದು ಮದುವೆಯಾದ ಮೇಲೆ ಅದೇ ಮೊದಲು.

ಸೂಪರ್‌ವೈಸರ್ ತಿರುಗಿ ಬಂದು ಓದೋ ಅಕ್ಕನಿಗೆ ನಾಲ್ಕು ಮಾತು ಹೇಳಿದ. ಹೇಳುವಾಗ ಅವನ ತುಟಿಯ ತುದಿಯಲ್ಲಿ ನಗು ಇಣುಕಿತ್ತು. ಓದೋ ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ನೆಲದ ಕೆಲಸ ಹತ್ತು ದಿನಕ್ಕೆ ಶುರುವಾಗಬೇಕಂತೆ. ಮಂಡಿ ನೋವಿರೋರನ್ನೆಲ್ಲಾ ಬಿಟ್ರೆ ಆ ನೆಲಾನ ತಾನೇ ಹಾಸಬೇಕಾಗುತ್ತೆ ಅಂತಿದಾರೆ. ಎಲ್ಲರನ್ನೂ ತಗೋತಾರಂತೆ. ಪ್ರತಿ ಕರಾರಿಗೂ ಒಂದು ಸಾಲು ಸೇರಿಸಿ ಸಹಿ ಹಾಕ್ತಾರಂತೆ."

ಕೋಣೆಯಲ್ಲಿ ಗಲಾಟೆಯೋ ಗಲಾಟೆ. ಮೀಸೆಯವನು ಉದ್ದನೆಯವನನ್ನು ಅಪ್ಪಿಕೊಂಡ. ಮ್ಯಾನೇಜರು ಕುರ್ಚಿಯಲ್ಲಿ ಕುಸಿದು ಕೂತು, "ನಾನು ಆಗುತ್ತೆ ಅಂತ ಅವತ್ತೇ ಹೇಳಿದ್ದೆ," ಎಂದ. ಅವನ ಮಾತಿಗೆ ಕಿವಿಗೊಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಗದ್ದಲದ ನಡುವೆಯೇ ಹೆಂಡತಿ ಕೇಳಿದಳು. "ಅಕ್ಕ, ಮಂಚದ ವಿಷಯ? ಕೆಳಗಿನ ಮಂಚ ಅಂತ ಅದನ್ನೂ ಬರೆಸಿ."

ಸೂಪರ್‌ವೈಸರ್ ಬೆರಳಿನಲ್ಲಿ ಲೆಕ್ಕ ಹಾಕಿದ. ಹದಿನಾಲ್ಕು ಜನ, ಒಂದು ಕೋಣೆಗೆ ಮೂರೇ ಕೆಳಗಿನ ಮಂಚ. ಐದು ಕೋಣೆ ಕೊಟ್ಟು ಇವರಿಗೆಲ್ಲ ಕೆಳಗಿನದು, ಮೇಲಿನದಕ್ಕೆ ವಯರಿಂಗ್ ಕೆಲಸದ ಹುಡುಗರು ಎಂದು ತೀರ್ಮಾನವಾಯಿತು. ಆ ಹುಡುಗರ ಮಂಡಿ ಹೇಗಿದೆಯೆಂದು ಯಾರೂ ವಿಚಾರಿಸಲು ಹೋಗಲಿಲ್ಲ.

ಮೇಸ್ತ್ರಿಯ ಫೈಲು ರಾಶಿಯ ಅಡಿಯಿಂದ ಮೇಲೆ ಬಂತು. ಒಂಬತ್ತನೆಯ ಉತ್ತರದ ಮೇಲೆ ಗೆರೆ ಎಳೆದರು. ಆ ಗೆರೆ ಸ್ವಲ್ಪ ಸೊಟ್ಟಗಿತ್ತು, ಆದರೂ ಅವನು ಏನೂ ಅನ್ನಲಿಲ್ಲ. ಕೆಳಗೆ ಸೂಪರ್‌ವೈಸರ್ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿ, ಪೆನ್ನನ್ನು ಅವನಿಗೆ ಕೊಟ್ಟ. ಮೇಸ್ತ್ರಿ ಪೆನ್ನು ಹಿಡಿದುಕೊಂಡು, "ಏನು ಬರೆದಿದ್ದಾರೆ, ಓದಿ ಅಕ್ಕ," ಎಂದ.

"ಈ ಕೆಲಸಗಾರನ ಬಲ ಮಂಡಿಯಲ್ಲಿ ನೋವಿದೆ. ಅದನ್ನು ತಿಳಿದೇ ಕಂಪನಿ ಇವನನ್ನು ಕೆಲಸಕ್ಕೆ ತೆಗೆದುಕೊಂಡಿದೆ. ಈ ನೋವಿನಿಂದ ಕೆಲಸ ಮಾಡಲಾಗದಿದ್ದರೆ ಇವನನ್ನು ಮನೆಗೆ ಕಳಿಸುವ ಖರ್ಚು ಕಂಪನಿಯದು."

"ಇನ್ನೊಂದ್ಸಲ."

ಅವರು ಇನ್ನೊಂದು ಸಲ ಓದಿದರು. ತಿಳಿದೇ ತೆಗೆದುಕೊಂಡಿದೆ ಎಂಬಲ್ಲಿಗೆ ಬಂದಾಗ ಮೇಸ್ತ್ರಿ ಆ ಸಾಲಿನ ಮೇಲೆ ಬೆರಳಿಟ್ಟ. ಮೂರು ವರ್ಷದಿಂದ ಬಚ್ಚಿಟ್ಟದ್ದನ್ನು ಮಸಿಯಲ್ಲಿ ಬರೆದು, ಅದರ ಕೆಳಗೇ ಸಹಿ ಹಾಕಿ, ಬಾ ಎಂದು ಕರೆಯುತ್ತಿದ್ದರು. ಹೆಂಡತಿ ಮಾತ್ರ ಒದ್ದೆ ಕಣ್ಣಲ್ಲೇ, "ಕಂಪನಿಯವರೇ ಪುಣ್ಯವಂತರು ಬಿಡಿ. ತಿಳಿದು ತಗೊಂಡ್ರು. ನನ್ನ ಮದುವೆ ಮಾಡೋವಾಗ ನಮ್ಮಪ್ಪನಿಗೆ ಇವರ ಬಗ್ಗೆ ಯಾರೂ ಹಿಂಗೆ ಓದಿ ಹೇಳೋರಿರಲಿಲ್ಲ," ಎಂದಳು. ಓದೋ ಅಕ್ಕ ನಗು ತಡೆಯಲಾರದೆ ಸೀಸದ ಕಡ್ಡಿ ಕೆಳಗೆ ಬೀಳಿಸಿದರು.

ಹದಿನಾಲ್ಕು ಸಹಿ ಮುಗಿದು, ಒಬ್ಬೊಬ್ಬರ ಕೈಗೂ ಕರಾರಿನ ಒಂದೊಂದು ಪ್ರತಿ ಬರುವಾಗ ಎರಡು ಗಂಟೆ ದಾಟಿತ್ತು. ಏಜೆನ್ಸಿ ಇದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟು ಇರಲಿಲ್ಲ. ಬೆಳಿಗ್ಗೆ ಹತ್ತುವಾಗ ಒಬ್ಬನೂ ತುಟಿ ಬಿಚ್ಚಿರಲಿಲ್ಲ, ಕಂಪನಿಯವರು ಎಲ್ಲಿಂದ ನೋಡುತ್ತಿರುತ್ತಾರೋ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು ಹತ್ತಿದ್ದರು. ಈಗ ಮೇಸ್ತ್ರಿ ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಅಯ್ಯೋ ಅಮ್ಮಾ," ಎಂದ. ಹಿಂದಿನಿಂದ ಮೀಸೆಯವನೂ ಅಯ್ಯೋ ಎಂದ. ಉದ್ದನೆಯವನು ಅವನಿಗಿಂತ ಉದ್ದವಾಗಿ ಎಳೆದ. ಮೂರು ಮಹಡಿಯ ಮೆಟ್ಟಿಲುಗಳ ಉದ್ದಕ್ಕೂ ಹದಿನಾಲ್ಕು ಗಂಡಸರು ಗಟ್ಟಿಯಾಗಿ ನರಳುತ್ತಾ, ಒಬ್ಬರ ಹೆಗಲು ಒಬ್ಬರು ಹಿಡಿದು, ನಗುತ್ತಾ ಇಳಿದರು.